ಕಾಕಾನ ಅಂಗಳಕ್ಕೆ ನಾವು ಹಾಕಿದ ಸೊನ್ನೆ

ನಾವು ನಾಲ್ವರು. ಒಬ್ಬ ಇಂಡಿ, ಒಬ್ಬ ಸಿಂದಗಿ, ಒಬ್ಬ ಮುದ್ದೇಬಿಹಾಳ, ಒಬ್ಬ ಬಸವನ ಬಾಗೇವಾಡಿ. ಹಾಸ್ಟೆಲ್‌ನಲ್ಲಿ ನಮ್ಮ ರೂಮಿಗೆ "ವಿಜಯಪುರ ಜಿಲ್ಲಾ ಪಂಚಾಯತಿ" ಅಂತ ಹೆಸರಿಟ್ಟಿದ್ದಾರೆ. ನಾಲ್ವರೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಮ್. ಹಾಗಾಗಿ ಈ ಬರಹದಲ್ಲಿ ಕಾಗುಣಿತ ತಪ್ಪಿದ್ದರೆ ಸಂಪಾದಕರನ್ನು ಬೈಯಬೇಡಿ, ನಮ್ಮನ್ನೇ ಬೈಯಿರಿ. ಆದರೆ ಹೇಳಬೇಕಾದ ವಿಷಯ ಕನ್ನಡದಲ್ಲೇ ನಡೆದದ್ದು. ಇಂಗ್ಲಿಷಿನಲ್ಲಿ ಮಾಡಿದ ಲೆಕ್ಕ ತಪ್ಪಾಯಿತು, ಸಿಂದಗಿಯ ಒಂದು ಅಂಗಳದಲ್ಲಿ ಕನ್ನಡದಲ್ಲಿ ಸರಿಯಾಯಿತು.

ಹೋದ ಅಕ್ಟೋಬರಿನಲ್ಲಿ ಕಾಲೇಜಿನ ಫೆಸ್ಟ್‌ನಲ್ಲಿ ಬಿಸಿನೆಸ್ ಪ್ಲಾನ್ ಸ್ಪರ್ಧೆ ಇತ್ತು. ಎಲ್ಲರೂ ಆ್ಯಪ್ ಮಾಡುತ್ತೇವೆ, ಡ್ರೋನ್ ಮಾಡುತ್ತೇವೆ ಅಂತಿದ್ದಾಗ ನಾವು ನಮ್ಮ ಸಿಂದಗಿಯವನ ಅಪ್ಪನ ದಾಲ್ ಮಿಲ್ ತಗೊಂಡೆವು. ನಾವೆಲ್ಲ ಅವರನ್ನು ಕಾಕಾ ಅಂತೀವಿ. ಆಗ ಕಾಕಾಗೆ ನಿಜವಾಗಿಯೇ ಒಂದು ಆಫರ್ ಬಂದಿತ್ತು. ಸೊಲ್ಲಾಪುರ ಕಡೆಯ ಒಬ್ಬ ಬೇಸನ್ ವ್ಯಾಪಾರಿ ತಿಂಗಳಿಗೆ 300 ಕ್ವಿಂಟಲ್ ಕಡಲೆ ಕಳಿಸುತ್ತಾನೆ, ಕಾಕಾ ಅದನ್ನು ಬೇಳೆ ಮಾಡಿ ಕೊಡಬೇಕು, ಕ್ವಿಂಟಲ್‌ಗೆ 150 ರೂಪಾಯಿ ಕೂಲಿ. ವರ್ಷದ ಹನ್ನೆರಡೂ ತಿಂಗಳು, ಮೂರು ವರ್ಷದ ಕರಾರು.

ಕಾಕಾ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮಿಲ್ ನಂದು, ಜಾಗ ನಂದು. ಅರ್ಧ ವರ್ಷ ಖಾಲೀನೇ ಬಿದ್ದಿರ್ತೈತಿ. ಬಂದಷ್ಟು ಲಾಭ ಅಲ್ಲೇನೋ ತಮ್ಮಾ?"

ನಾವೂ ಹೌದು ಅಂದೆವು. ಕರೆಂಟು, ಕೂಲಿ, ರೋಲರ್ ಸವೆತ ಸೇರಿ ಕ್ವಿಂಟಲ್‌ಗೆ 90 ಖರ್ಚು. ಉಳಿಯುವುದು 60. ತಿಂಗಳಿಗೆ 18,000, ವರ್ಷಕ್ಕೆ 2 ಲಕ್ಷ 16 ಸಾವಿರ. ಮಷೀನಿನ ಸಾಲಿನಲ್ಲಿ ಸೊನ್ನೆ, ಜಾಗದ ಸಾಲಿನಲ್ಲಿ ಸೊನ್ನೆ. ಬಂಡವಾಳವೇ ಇಲ್ಲದ ಪ್ರಾಜೆಕ್ಟಿಗೆ ಐಆರ್‌ಆರ್ ಎಷ್ಟು ಅಂತ ಎಕ್ಸೆಲ್ ಕೇಳಿದರೆ ಅದು ಎರರ್ ತೋರಿಸಿತು. ನಾವು ಅದನ್ನೂ ಸ್ಲೈಡಿನಲ್ಲಿ ಹಾಕಿ "ಅನಂತ ಲಾಭ" ಅಂತ ಜೋಕ್ ಮಾಡಿದೆವು. ಎರಡನೇ ಬಹುಮಾನ ಬಂತು. ನಮ್ಮವನು ಪಿಪಿಟಿಯನ್ನು ಅಪ್ಪನಿಗೆ ವಾಟ್ಸಾಪ್ ಮಾಡಿದ. ಕಾಕಾ ಅದನ್ನು ನಂಬಿದರು, ನಮಗಿಂತ ಜಾಸ್ತಿ. ಫೆಬ್ರವರಿ ಒಂದಕ್ಕೆ ಕರಾರಿಗೆ ಸಹಿ ಅಂತ ಮಾತಾಯಿತು.

(ಮುಂದಿನ ಅಂಕಿಗಳನ್ನು ಕಾಕಾನ ಒಪ್ಪಿಗೆ ಪಡೆದು ರೌಂಡ್ ಮಾಡಿದ್ದೇವೆ, ಕೆಲವನ್ನು ಸ್ವಲ್ಪ ಬದಲಿಸಿದ್ದೇವೆ. ಲೆಕ್ಕದ ದಾರಿ ಮಾತ್ರ ಅದೇ.)

ಸಂಕ್ರಾಂತಿ ರಜೆಗೆ ನಾಲ್ವರೂ ಸಿಂದಗಿಗೆ ಹೋದೆವು. ದಾಲ್ ಮಿಲ್ ಒಳಗೆ ನಮ್ಮಲ್ಲಿ ಮೂವರು ಕಾಲಿಟ್ಟದ್ದು ಅದೇ ಮೊದಲು. ಅದರ ಮೇಲೆ ಬಹುಮಾನ ತಗೊಂಡಿದ್ದೆವು ಅನ್ನೋದು ಬೇರೆ ಮಾತು. ಜನವರಿ ಅಂದರೆ ತೊಗರಿಯ ಸುಗ್ಗಿ. ಚೀಲದ ಮೇಲೆ ಚೀಲ, ಹಮಾಲರ ಕೂಗು, ಹೊಟ್ಟಿನ ಧೂಳು. ತೊಗರಿ ಬೇಳೆ ಆಗುವುದು ನಾವು ಅಂದುಕೊಂಡ ಹಾಗೆ ಒಂದು ಮಷೀನಿಗೆ ಸುರಿದರೆ ಆಗುವುದಲ್ಲ. ಮೊದಲು ಕಾಳನ್ನು ಸ್ವಚ್ಛ ಮಾಡಿ ಗಾತ್ರದ ಪ್ರಕಾರ ಬೇರೆ ಮಾಡುತ್ತಾರೆ. ಆಮೇಲೆ ಎಮರಿ ರೋಲರ್‌ಗೆ ಹಾಕಿ ಸಿಪ್ಪೆಯನ್ನು ಬರೀ ಗೀರುತ್ತಾರೆ. ಗೀರಿದ ಕಾಳಿಗೆ ಎಣ್ಣೆ ಸವರಿ ಇಟ್ಟು, ಬಿಸಿಲಿಗೆ ಹರವುತ್ತಾರೆ. ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಗೋಂದಿನಂಥ ಪದರ ಇರುತ್ತದೆ. ಎಣ್ಣೆ, ನೀರು, ಬಿಸಿಲು ಸೇರಿ ಅದನ್ನು ಬಿಡಿಸಬೇಕು. ಕೆಲವು ದಿನ ಹಗಲು ಹರವುವುದು, ರಾತ್ರಿ ಗುಡ್ಡೆ ಹಾಕಿ ಮುಚ್ಚುವುದು. ಅದಾದ ಮೇಲೆಯೇ ಸಿಪ್ಪೆ ಸುಲಿಯುವುದು, ಒಡೆಯುವುದು. ಅವಸರ ಮಾಡಿ ಹಸಿ ಕಾಳನ್ನೇ ಒಡೆದರೆ ನುಚ್ಚು ಜಾಸ್ತಿ, ಬೇಳೆ ಕಡಿಮೆ.

ಮಿಲ್ ಮುಂದಿನ ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪೂರ್ತಿ ತೊಗರಿ. ಗೇಟಿನ ತನಕ ತಾಡಪತ್ರಿ ಹಾಸಿ ಹರವಿದ್ದರು. ನಾವು ಹೆಮ್ಮೆಯಿಂದ ನಮ್ಮ ಪ್ರಾಜೆಕ್ಟ್ ವಿವರಿಸುತ್ತಿದ್ದಾಗ ಅಲ್ಲಿ ಕಾಳು ತಿರುವುತ್ತಿದ್ದ ಒಬ್ಬ ಅಜ್ಜಿ ಕೇಳಿದಳು:

"ಅಲ್ರೋ ಎಪ್ಪಾ, ಆ ಕಡ್ಲಿ ಬಂದ್ರ ಎಲ್ಲಿ ಒಣಗಸ್ತೀರಿ? ನನ್ನ ತಲಿ ಮ್ಯಾಲೇನು?"

ಕಡಲೆ ತೊಗರಿಯಷ್ಟು ಹಟಮಾರಿಯಲ್ಲ. ಆದರೆ ಅದಕ್ಕೂ ನೀರು ಹಾಕಿ ಒಣಗಿಸಲೇಬೇಕು. ನಾವು ಪಿಪಿಟಿಯಲ್ಲಿ "ಮಷೀನ್ ಸಾಮರ್ಥ್ಯ ದಿನಕ್ಕೆ 60 ಕ್ವಿಂಟಲ್" ಅಂತ ಬರೆದಿದ್ದೆವು. ಅದು ಸುಳ್ಳಲ್ಲ, ಮಷೀನಿನ ಮೇಲೆ ಹಾಗೇ ಇದೆ. ಆದರೆ ಅಂಗಳ ಒಣಗಿಸಿ ಕೊಡುವುದು ದಿನಕ್ಕೆ 40 ಮಾತ್ರ. ಅಂದರೆ ಕಾಕಾನ ಮಿಲ್‌ನ ನಿಜವಾದ ಸಾಮರ್ಥ್ಯ ತಿಂಗಳಿಗೆ 25 ದಿನ ಹಿಡಿದರೆ 1,000 ಕ್ವಿಂಟಲ್. ಮಷೀನ್ ಖಾಲಿ ಇದ್ದ ಮಾತ್ರಕ್ಕೆ ಮಿಲ್ ಖಾಲಿ ಇದೆ ಅಂತಲ್ಲ. ಖಾಲಿ ಇದೆಯೋ ಇಲ್ಲವೋ ಅಂತ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗದಲ್ಲಿ ನಿಂತು ನೋಡಬೇಕು.

ಇಂಡಿಯವನಿಗೆ ಆಗ ತಟ್ಟನೆ ನೆನಪಾಯಿತು. ಅವನ ಮಾವ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಕಾರ್ಖಾನೆ "ಖಾಲಿ" ಅಂತ ಊರವರು ಅಂತಾರೆ. ಆದರೆ ಮಾವ ಬೇಸಿಗೆಯಲ್ಲಿ ಮನೆಗೇ ಬರಲ್ಲ, ಯಾಕಂದರೆ ಆಗಲೇ ಮಿಲ್ ರೋಲರ್ ಬಿಚ್ಚೋದು, ಬಾಯ್ಲರ್ ಟ್ಯೂಬ್ ನೋಡೋದು ಎಲ್ಲ. ಹೊರಗಿಂದ ಖಾಲಿ ಕಾಣುವುದರಲ್ಲಿ ಎಷ್ಟೋ ಭಾಗ ಮೊದಲೇ ಬುಕ್ ಆಗಿರುತ್ತದೆ.

ಆ ರಾತ್ರಿ ಕಾಕಾನ ಹಳೇ ರಿಜಿಸ್ಟರ್ ಇಟ್ಟುಕೊಂಡು ಮಾಳಿಗೆ ಮೇಲೆ ಕೂತೆವು. ವರ್ಷದ ಸರಾಸರಿ ತೆಗೆದರೆ ಮಿಲ್‌ನಲ್ಲಿ ಅರ್ಧದಷ್ಟು ಜಾಗ ಖಾಲಿ ಅನ್ನಿಸುತ್ತದೆ. ನಾವು ಅಕ್ಟೋಬರಿನಲ್ಲಿ ನೋಡಿದ್ದು ಆ ಸರಾಸರಿಯನ್ನೇ. ತಿಂಗಳು ತಿಂಗಳು ಬಿಡಿಸಿ ಬರೆದಾಗ ಚಿತ್ರ ಬದಲಾಯಿತು. ಜನವರಿಯಿಂದ ಏಪ್ರಿಲ್ ತನಕ 1,000ಕ್ಕೆ 1,000 ತೊಗರಿಯೇ ತುಂಬಿದೆ. ಮೇ ತಿಂಗಳಲ್ಲಿ 600, ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ 400, ಅಕ್ಟೋಬರ್‌ನಿಂದ ಡಿಸೆಂಬರ್ 500. ಜುಲೈ, ಆಗಸ್ಟ್‌ನಲ್ಲಿ ಕಾಕಾನ ಕೆಲಸ ಬರೀ 250. ಆದರೆ ಆಗ ಮೋಡ, ಬಿಸಿಲೇ ಇಲ್ಲ. ಅಂಗಳ ಒಣಗಿಸುವುದೂ 400 ಕ್ವಿಂಟಲ್‌ಗೇ ನಿಲ್ಲುತ್ತದೆ.

ಈಗ ಪ್ರಶ್ನೆ, ಆ 300 ಕ್ವಿಂಟಲ್ ಕಡಲೆ ಒಳಗೆ ಬಂದರೆ ಯಾರು ಹೊರಗೆ ಹೋಗುತ್ತಾರೆ? ಪುಸ್ತಕದಲ್ಲಿ ಇದಕ್ಕೆ ಆಪರ್ಚುನಿಟಿ ಕಾಸ್ಟ್ ಅಂತಾರೆ, ಕನ್ನಡ ಪುಸ್ತಕದಲ್ಲಿ ಅವಕಾಶ ವೆಚ್ಚ. ಕಾಕಾಗೆ ನಾವು ಹೇಳಿದ್ದು "ಕಡ್ಲಿ ಸಲುವಾಗಿ ಏನ್ ಬಿಡತೀರಿ, ಅದರ ಬೆಲೆ" ಅಂತ.

ಮೇ, ಜೂನ್, ಸೆಪ್ಟೆಂಬರ್‌ನಿಂದ ಡಿಸೆಂಬರ್, ಈ ಆರು ತಿಂಗಳು ಯಾರೂ ಹೊರಗೆ ಹೋಗಲ್ಲ. ಜಾಗ ನಿಜಕ್ಕೂ ಖಾಲಿ, ಅದರ ಬೆಲೆ ನಿಜಕ್ಕೂ ಸೊನ್ನೆ. ನಮ್ಮ ಸೊನ್ನೆ ಪೂರ್ತಿ ತಪ್ಪಿರಲಿಲ್ಲ ಅಂತ ಇಲ್ಲಿ ಸ್ವಲ್ಪ ಸಮಾಧಾನ ಆಯಿತು. ಕಟ್ಟಡದ ಸವಕಳಿ, ಮ್ಯಾನೇಜರ್ ಸಂಬಳ ಅಂತ ಎಲ್ಲವನ್ನೂ ಹಂಚಿ ಕಡಲೆಯ ಮೇಲೆ ಹೇರುವುದೂ ತಪ್ಪೇ. ಕಡಲೆ ಬಂದರೂ ಬರದಿದ್ದರೂ ಆ ಖರ್ಚು ಇದ್ದೇ ಇರುತ್ತದೆ. ಆರು ತಿಂಗಳಿಗೆ 18,000ದಂತೆ 1 ಲಕ್ಷ 8 ಸಾವಿರ ನಿವ್ವಳ.

ಜನವರಿಯಿಂದ ಏಪ್ರಿಲ್ ಕಥೆ ಬೇರೆ. ಆಗ ಒಂದು ಕ್ವಿಂಟಲ್ ಕಡಲೆ ಒಣಗಲು ಹಾಕಿದರೆ ಒಂದು ಕ್ವಿಂಟಲ್ ತೊಗರಿ ಅಂಗಳದಿಂದ ಏಳಬೇಕು. ಕಾಕಾನ ಸ್ವಂತ ತೊಗರಿಯಲ್ಲಿ ಖರ್ಚೆಲ್ಲ ಕಳೆದು ಕ್ವಿಂಟಲ್‌ಗೆ 200 ಉಳಿಯುತ್ತದೆ. ಕಡಲೆಯಲ್ಲಿ 60. ಅಂದರೆ ಪ್ರತಿ ಕ್ವಿಂಟಲ್ ಕಡಲೆಗೆ 140 ಕೈಬಿಡುತ್ತದೆ.

ನಮ್ಮ ಬಾಗೇವಾಡಿಯವನು ಇಷ್ಟಕ್ಕೆ ಒಪ್ಪಲಿಲ್ಲ. ಹೊರಗೆ ಹೋದ ತೊಗರಿ ಕಳೆದೇ ಹೋಯಿತು ಅಂತ ಯಾಕೆ ಅನ್ನಬೇಕು, ಬೇರೆಯವರ ಮಿಲ್‌ಗೆ ಕೂಲಿಗೆ ಕಳಿಸಬಹುದಲ್ಲ, ಕ್ವಿಂಟಲ್‌ಗೆ ನೂರು ಜಾಸ್ತಿ ಖರ್ಚಾಗಬಹುದು ಅಷ್ಟೇ ಅಂದ. ಸರಿಯಾದ ಪ್ರಶ್ನೆ. ಬಿಟ್ಟುಕೊಟ್ಟದ್ದರ ಬೆಲೆ ಅಂದರೆ ಆ ನಷ್ಟದಿಂದ ತಪ್ಪಿಸಿಕೊಳ್ಳಲು ಇರುವ ಅತಿ ಅಗ್ಗದ ದಾರಿಯ ಬೆಲೆ. ಕಾಕಾ ನಕ್ಕರು. "ಫೆಬ್ರವರಿಯಾಗ ಸಿಂದಗಿಯೊಳಗ ಯಾರ ಮಿಲ್ ಖಾಲಿ ಇರ್ತೈತೋ ತಮ್ಮಾ? ನಮಗ ಸುಗ್ಗಿ ಅಂದ್ರ ಅವರಿಗೂ ಸುಗ್ಗಿನೇ."

ಹಾಗಾದರೆ ತೊಗರಿಯನ್ನು ಕೊಂಡು ಗೋದಾಮಿನಲ್ಲಿಟ್ಟು ಜೂನ್‌ನಲ್ಲಿ ಒಡೆದರೆ? ಇದಕ್ಕೆ ಉತ್ತರ ಕೊಟ್ಟದ್ದು ಮುದ್ದೇಬಿಹಾಳದವನು. ಅವನ ಅಪ್ಪ ಬ್ಯಾಂಕಿನಲ್ಲಿದ್ದಾರೆ, ಹಾಗಾಗಿ ಮೊದಲು ಸಿಸಿ ಲಿಮಿಟ್ ಎಷ್ಟು ಅಂತ ಕೇಳಿದ. ಫೆಬ್ರವರಿಗೇ ಅದು ತುಂಬಿರುತ್ತದೆ. ಬೇಳೆ ಮಾರಿ ಬಂದ ದುಡ್ಡಿನಲ್ಲೇ ಮುಂದಿನ ತೊಗರಿ ಕೊಳ್ಳಬೇಕು. ಕೂಡಿಡಲು ದುಡ್ಡೇ ಇಲ್ಲ. ಹಾಗಾಗಿ ಸುಗ್ಗಿಯಲ್ಲಿ 200 ಅನ್ನುವುದೇ ಖಾಯಂ ಆಯಿತು. ನಾಲ್ಕು ತಿಂಗಳಲ್ಲಿ 1,200 ಕ್ವಿಂಟಲ್‌ಗೆ 140ರಂತೆ 1 ಲಕ್ಷ 68 ಸಾವಿರ ನಷ್ಟ.

ಜುಲೈ, ಆಗಸ್ಟ್ ನಡುವಿನ ಗಿರಾಕಿ. 250 ತೊಗರಿ, 150 ಕಡಲೆ ಹಿಡಿಯುತ್ತದೆ. ಉಳಿದ 150 ಕಡಲೆಗೆ ಜಾಗ ಮಾಡಲು ಅಷ್ಟೇ ತೊಗರಿಯನ್ನು ಸೆಪ್ಟೆಂಬರ್‌ಗೆ ಮುಂದೂಡಬೇಕು. ಆಗ ಲಿಮಿಟ್ ಖಾಲಿ ಇರುತ್ತದೆ, ಸೆಪ್ಟೆಂಬರ್‌ನಲ್ಲಿ ಅಂಗಳವೂ ಇರುತ್ತದೆ. ಕ್ವಿಂಟಲ್ ತೊಗರಿಗೆ 7,000 ಹಿಡಿದರೆ ತಿಂಗಳ ಬಡ್ಡಿ ಸುಮಾರು 70 ರೂಪಾಯಿ. ಜುಲೈನದ್ದು ಎರಡು ತಿಂಗಳು ಕಾಯುವುದೇ ಹೆಚ್ಚು ಅಂತ ಕಾಕಾ ಅದನ್ನೂ ಒಂದೇ ತಿಂಗಳಿಗೆ ಲೆಕ್ಕ ಹಾಕಿಸಿದರು, ಜೂನ್‌ನಲ್ಲೇ ಒಂದಿಷ್ಟು ಮುಗಿಸಬಹುದು ಅಂತ. ಒಟ್ಟು ಎರಡು ತಿಂಗಳಿಗೆ 15,000 ಉಳಿಯುತ್ತದೆ.

ಅದೇ ಅಂಗಳ, ಅದೇ ಕ್ವಿಂಟಲ್. ನವೆಂಬರ್‌ನಲ್ಲಿ ಅದರ ಬೆಲೆ ಸೊನ್ನೆ, ಆಗಸ್ಟ್‌ನಲ್ಲಿ 70, ಫೆಬ್ರವರಿಯಲ್ಲಿ 200. ಮೂರನ್ನೂ ಕೂಡಿಸಿದಾಗ ವರ್ಷಕ್ಕೆ 2 ಲಕ್ಷ 16 ಸಾವಿರ ಲಾಭ ಅಂತ ನಾವು ಬಹುಮಾನ ತಗೊಂಡ ಪ್ರಾಜೆಕ್ಟ್ 45,000 ರೂಪಾಯಿ ನಷ್ಟಕ್ಕೆ ನಿಂತಿತು. ಸಿಂದಗಿಯವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅವನ ಅಪ್ಪನ ಪೆನ್ನಿಗೂ ಆ ಕರಾರಿಗೂ ನಡುವೆ ಹದಿನೈದು ದಿನ ಉಳಿದಿತ್ತು.

ಬೆಳಿಗ್ಗೆ ಚಹಾ ಕುಡಿಯುತ್ತ ಹೇಳಿದೆವು. ಕಾಕಾ ಸಿಟ್ಟಾಗಲಿಲ್ಲ, ಆದರೆ ಸೋಲಲೂ ಇಲ್ಲ. "ಅಂಗಳ ಕಮ್ಮಿ ಬಿದ್ರ ಅಂಗಳಾ ಹಾಕಿದ್ರಾತು. ಬಾಜೂಕ ಹತ್ತು ಗುಂಟೆ ಜಾಗ ಐತಿ. ಶಹಾಬಾದ್ ಕಲ್ಲು ಹಾಸಿದ್ರ ನಾಕು ಲಕ್ಷದಾಗ ಮುಗೀತು. ಜಾಗಕ್ಕೇನು ದುಡ್ಡು ಕೊಡಬೇಕಾಗಿಲ್ಲಲಾ."

ಮತ್ತೆ ಅದೇ ಸೊನ್ನೆ, ಈ ಸಲ ಕಾಕಾನ ಬಾಯಲ್ಲಿ. ಹೊಸ ಅಂಗಳ ಬಂದರೆ ತೊಗರಿಯನ್ನು ಎಬ್ಬಿಸಬೇಕಾಗಿಲ್ಲ, 2 ಲಕ್ಷ 16 ಸಾವಿರ ಪೂರ್ತಿ ಕೈಗೆ. ಬ್ಯಾಂಕಿನ ಬಡ್ಡಿ ಶೇಕಡಾ 12 ಹಿಡಿದು ಮೂರು ವರ್ಷದ ಆ ದುಡ್ಡನ್ನು ಇವತ್ತಿನ ಬೆಲೆಗೆ ತಂದರೆ 5.19 ಲಕ್ಷ. ಕಲ್ಲಿಗೆ 4 ಲಕ್ಷ ಕಳೆದರೆ 1.19 ಲಕ್ಷ ಉಳಿತಾಯ. ಜಾಗ ಪುಕ್ಕಟೆಯಾದರೆ ಪ್ರಾಜೆಕ್ಟ್ ಪಾಸ್. ಮೂರು ವರ್ಷದ ಮೇಲೆ ಕಲ್ಲು ಕಿತ್ತು ಮಾರಿದರೂ ಬರುವುದು ಕೀಳುವ ಕೂಲಿಗೆ ಸರಿಹೋಗುತ್ತದೆ ಅಂತ ಅದನ್ನು ಬಿಟ್ಟೆವು.

ಆ ಹತ್ತು ಗುಂಟೆಯನ್ನು ಅವರ ಅಜ್ಜ ಕೊಂಡದ್ದು 30,000ಕ್ಕೆ. ಲೆಕ್ಕದ ಪುಸ್ತಕದಲ್ಲಿ ಇವತ್ತಿಗೂ ಅಷ್ಟೇ ಇದೆ. ಆ ಅಂಕಿ ಹಳೇ ಮದುವೆ ಕಾರ್ಡಿನ ಹಾಗೆ, ನೆನಪಿಗೆ ಒಳ್ಳೆಯದು, ಕೆಲಸಕ್ಕೆ ಬರಲ್ಲ. ಇವತ್ತು ಕೇಳುವವರು ಗುಂಟೆಗೆ 2 ಲಕ್ಷ ಹೇಳುತ್ತಿದ್ದಾರೆ, ಒಟ್ಟು 20 ಲಕ್ಷ. ಸದ್ಯಕ್ಕೆ ಎರಡು ಜೆಸಿಬಿ ನಿಲ್ಲಿಸಲು ತಿಂಗಳಿಗೆ 5,000 ಬಾಡಿಗೆಗೆ ಕೊಟ್ಟಿದ್ದಾರೆ.

ಹಾಗಾದರೆ ಜಾಗದ ಸಾಲಿನಲ್ಲಿ 20 ಲಕ್ಷ ಬರೆಯಬೇಕೇ? ಇಂಡಿಯವನು ಹಾಗೇ ಬರೆದ. ಅದೂ ತಪ್ಪು. ಮೂರು ವರ್ಷದ ಮೇಲೆ ಜಾಗ ಎಲ್ಲೂ ಹೋಗಲ್ಲ, ವಾಪಸ್ ಸಿಗುತ್ತದೆ. ಪ್ರಾಜೆಕ್ಟ್ ತಿನ್ನುವುದು ಜಾಗವನ್ನಲ್ಲ, ಮೂರು ವರ್ಷದ ಬಳಕೆಯನ್ನು. ಬಾಗೇವಾಡಿಯವನು ಪಾವಗಡದ ಸೋಲಾರ್ ಪಾರ್ಕ್ ಉದಾಹರಣೆ ಕೊಟ್ಟ. ಅಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ಇಲ್ಲದೆ ಬಿದ್ದಿದ್ದ ನೆಲಕ್ಕೂ ಬಳಕೆಯ ಬೆಲೆ ಅಂತ ಒಂದಿದೆ, ಅದು ಮಾರಾಟದ ಬೆಲೆಗಿಂತ ಬೇರೆ.

ಹಾಗಾದರೆ ಕಾಕಾನ ಜಾಗದ ಬಳಕೆಯ ಬೆಲೆ ವರ್ಷಕ್ಕೆ 60,000 ಬಾಡಿಗೆ ಅಂತ ಬರೆದೆವು. ಮೂರು ವರ್ಷದ್ದು ಇವತ್ತಿನ ಬೆಲೆಯಲ್ಲಿ 1.44 ಲಕ್ಷ. ಅಷ್ಟು ಕಳೆದರೇನೇ ಪ್ರಾಜೆಕ್ಟ್ ಸುಮಾರು 25,000 ಮೈನಸ್ ಆಗುತ್ತದೆ.

ಆಗ ಕಾಕು ಒಳಗಿಂದ ಬಂದರು. ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. "ಆ ಜಾಗಾ ಪೋರಿ ಸಲುವಾಗಿ ಇಟ್ಟಿದ್ದು ಅಲ್ಲೇನ್ರಿ? ಈ ವರ್ಷ ಪಿಯುಸಿ ಮುಗೀತೈತಿ. ಸೀಟ್ ಸಿಕ್ರ ಮಾರೂಣು ಅಂದಿದ್ರಿ. ಕಲ್ಲು ಹಾಸಿ ಕರಾರ್ ಮಾಡಿದ ಮ್ಯಾಲೆ ಹೆಂಗ್ ಮಾರ್ತೀರಿ?"

ನಮ್ಮವನ ತಂಗಿ ಬಾಗಿಲ ಹಿಂದೆ ಕೆಮಿಸ್ಟ್ರಿ ಪುಸ್ತಕ ಹಿಡಿದು ನಿಂತಿದ್ದಳು. ನಾವು ಲ್ಯಾಪ್‌ಟಾಪ್ ನೋಡುವ ನಾಟಕ ಮಾಡಿದೆವು.

ಲೆಕ್ಕ ಮತ್ತೆ ಬದಲಾಯಿತು. ಅಂಗಳ ಆಗದಿದ್ದರೆ ಆ ಜಾಗಕ್ಕೆ ಆಗುತ್ತಿದ್ದ ಅತ್ಯುತ್ತಮ ಉಪಯೋಗ ಯಾವುದೋ ಅದನ್ನೇ ಹಿಡಿಯಬೇಕು. ಅದು ಬಾಡಿಗೆಯಲ್ಲ, ಈ ಬೇಸಿಗೆಯಲ್ಲಿ ಮಾರುವುದು. ಮಾರಾಟ ಮೂರು ವರ್ಷ ಮುಂದೆ ಹೋದರೆ ಏನಾಗುತ್ತದೆ? ಮೊದಲ ವರ್ಷ ನೋಡಿ. 20 ಲಕ್ಷದ ಮೇಲೆ ಶೇಕಡಾ 12 ಅಂದರೆ 2.4 ಲಕ್ಷ ಬಡ್ಡಿ ಬಿಟ್ಟಂತೆ, ಅಥವಾ ಮಗಳ ಫೀಸಿಗೆ ಸಾಲ ಮಾಡಿ ಕಟ್ಟಿದಂತೆ. ಆ ಕಡೆ ಜಾಗದ ಬೆಲೆ ಶೇಕಡಾ 8 ಏರಿತು ಅಂದುಕೊಂಡರೆ 1.6 ಲಕ್ಷ ವಾಪಸ್. ನಡುವಿನ 80,000 ಆ ವರ್ಷದ ಖರ್ಚು. ಮೂರು ವರ್ಷದ್ದನ್ನು ಹೀಗೇ ಇವತ್ತಿನ ಬೆಲೆಗೆ ತಂದರೆ 2.07 ಲಕ್ಷ. ಇದರ ಮೇಲೆ ಬಾಡಿಗೆಯನ್ನೂ ಸೇರಿಸಲು ನಮ್ಮಲ್ಲೊಬ್ಬ ಹೊರಟಿದ್ದ. ಆದರೆ ಮಾರಿದ ಜಾಗಕ್ಕೆ ಬಾಡಿಗೆ ಬರಲ್ಲ. ಎರಡರಲ್ಲಿ ದೊಡ್ಡದನ್ನು ಮಾತ್ರ ಹಿಡಿಯಬೇಕು.

5.19ರಲ್ಲಿ ಕಲ್ಲಿನ 4, ಜಾಗದ 2.07 ಕಳೆದರೆ 88,000 ನಷ್ಟ. ಇದರಲ್ಲಿ ಶೇಕಡಾ 8 ಅನ್ನುವುದೇ ಅತಿ ಮೆತ್ತಗಿನ ಅಂಕಿ. ಜಾಗದ ಬೆಲೆ ವರ್ಷಕ್ಕೆ ಶೇಕಡಾ 12 ಏರುತ್ತದೆ ಅಂತ ನಂಬಿದರೆ ಕಾಯುವುದಕ್ಕೆ ಖರ್ಚೇ ಇಲ್ಲ, ಆಗ ಬಾಡಿಗೆಯ 1.44 ಮಾತ್ರ ಉಳಿಯುತ್ತದೆ, ಆದರೂ ಮೈನಸ್ಸೇ. ಅಂಕಿ ಅಲುಗಾಡಿಸಿದರೂ ಉತ್ತರ ಅಲುಗಾಡಲಿಲ್ಲ ಅನ್ನುವುದು ಗೊತ್ತಾದ ಮೇಲೆಯೇ ನಮಗೆ ಧೈರ್ಯ ಬಂದದ್ದು.

ಹಾಗಂತ ಕಡಲೆಯನ್ನು ಬಿಟ್ಟುಬಿಡುವುದೂ ದಡ್ಡತನ. ಆರು ತಿಂಗಳ ಖಾಲಿ ಜಾಗ ಹಾಗೇ ಹಾಳಾಗುತ್ತಿತ್ತು. ಕಾಕಾ ಸೊಲ್ಲಾಪುರಕ್ಕೆ ಫೋನ್ ಮಾಡಿ, ಮೇ ತಿಂಗಳಿಂದ ಡಿಸೆಂಬರ್ ತನಕ 150ಕ್ಕೇ ಮಾಡಿ ಕೊಡ್ತೀನಿ, ಸುಗ್ಗಿಯೊಳಗೂ ಬೇಕು ಅಂದ್ರೆ 290 ಆಗುತ್ತೆ ಅಂದರು. ಖರ್ಚಿನ 90, ಎಬ್ಬಿಸಿದ ತೊಗರಿಯ 200. ಆ ಕಡೆಯಿಂದ ಜೋರಾಗಿ ನಗು ಕೇಳಿಸಿತು. ಎರಡು ದಿನ ಫೋನ್ ಬರಲಿಲ್ಲ. ಸಿಂದಗಿಯವನಿಗೆ ಊಟ ಸೇರಲಿಲ್ಲ, ನಮ್ಮ ಲೆಕ್ಕದಿಂದ ಇದ್ದ ಗಿರಾಕಿಯೂ ಹೋದ ಅಂತ.

ಮೂರನೇ ದಿನ ಅವರೇ ಒಪ್ಪಿದರು. ಎಂಟು ತಿಂಗಳು, ಸುಗ್ಗಿಯ ನಾಲ್ಕು ತಿಂಗಳು ಇಲ್ಲ. ಕಾಕಾಗೆ ವರ್ಷಕ್ಕೆ 1 ಲಕ್ಷ 23 ಸಾವಿರ, ಒಂದು ಕಲ್ಲೂ ಹಾಸದೆ. ಅವರು ಮೂರರ ಬದಲು ಆರು ವರ್ಷದ ಕರಾರು ಕೇಳಿದ್ದರು. ಅದಕ್ಕೆ ಬೇಡ ಅಂದೆವು, ಯಾಕಂದರೆ ಕಾಕಾನ ಅಕ್ಟೋಬರ್-ಡಿಸೆಂಬರ್ ಕೆಲಸ ವರ್ಷಕ್ಕೆ ತಿಂಗಳಿಗೆ 50 ಕ್ವಿಂಟಲ್‌ನಂತೆ ಬೆಳೆಯುತ್ತಿದೆ. ಈಗಿನ 500ಕ್ಕೆ ಕಡಲೆಯ 300 ಸೇರಿದರೆ 800. ಐದನೇ ವರ್ಷಕ್ಕೆ 1,000 ಮುಟ್ಟುತ್ತದೆ. ಆರನೇ ವರ್ಷ ಕಡಲೆಗೋಸ್ಕರ ಹೊಸ ಅಂಗಳ ಹಾಕಬೇಕಾಗುತ್ತದೆ, ಕಡಲೆ ಇಲ್ಲದಿದ್ದರೆ ಆ ಖರ್ಚು ಎಷ್ಟೋ ವರ್ಷ ಆಚೆ ಇತ್ತು. ಇವತ್ತು ಸೊನ್ನೆ ಇರುವುದು ಆಗ ಸೊನ್ನೆ ಇರಲ್ಲ.

ವಾಪಸ್ ಬರುವ ದಿನ ಬಸ್ ಸ್ಟ್ಯಾಂಡಿಗೆ ಬಿಡಲು ಕಾಕಾ ಬಂದಿದ್ದರು. ಆ ಎರಡನೇ ಬಹುಮಾನದ ದುಡ್ಡು ಎಷ್ಟಿತ್ತು ಅಂತ ಕೇಳಿದರು. ಎರಡು ಸಾವಿರ ಅಂದೆವು. "ವಾಪಸ್ ಕೊಡ್ರೋ" ಅಂದು ನಕ್ಕರು. ತಂಗಿಯ ಸೀಟಿನ ಕೌನ್ಸೆಲಿಂಗ್ ಇನ್ನೂ ಬಾಕಿ ಇದೆ. ಜೆಸಿಬಿಗಳು ಅಲ್ಲೇ ನಿಂತಿವೆ.